‘ಇಪ್ಪತ್ತರೊಳಗೆ ಕಳಿಸಿಬಿಡ್ತೀವ್ರಿ’: ಗೊತ್ತಿಲ್ಲದೆ ಕೊಡುವ ಮಾತನ್ನು ಮೆಸೇಜಿನಲ್ಲೇ ಹಿಡಿಯುವುದು ಹೇಗೆ

ನಾನು ಧಾರವಾಡದಲ್ಲಿ ಕೂತು ಇಳಕಲ್ ಸೀರೆ ಆರ್ಡರ್ ತಗೊಳ್ಳುತ್ತೇನೆ. ಸೀರೆ ನೇಯುವವರು ಇಳಕಲ್‌ನಲ್ಲಿದ್ದಾರೆ, ಕಸೂತಿ ಹಾಕುವವರು ಇಲ್ಲಿಯೇ ಇದ್ದಾರೆ, ಕೊಳ್ಳುವವರು ಹೆಚ್ಚಾಗಿ ಬೆಂಗಳೂರು, ಪುಣೆ ಕಡೆಯವರು. ಮಾತುಕತೆ ಎಲ್ಲ ವಾಟ್ಸಾಪಿನಲ್ಲೇ ಆಗುತ್ತದೆ. ಮಗ್ಗ ನನ್ನ ಕೈಯಲ್ಲಿಲ್ಲ, ಸೂಜಿ ನನ್ನ ಕೈಯಲ್ಲಿಲ್ಲ, ಪಾರ್ಸಲ್ ಒಯ್ಯುವ ಗಾಡಿಯೂ ನನ್ನದಲ್ಲ. ಆದರೆ ಇವರೆಲ್ಲರ ಪರವಾಗಿ ‘ಆಗುತ್ತೆ’ ಅಂತ ಟೈಪ್ ಮಾಡುವವಳು ನಾನು.

ಕೆಲವು ವರ್ಷದ ಹಿಂದೆ ಒಬ್ಬರು ಪಂಚಮಿಗೆ ಸೀರೆ ಬೇಕು ಅಂದಿದ್ದರು. ಹಬ್ಬದ ಹಿಂದಿನ ದಿನ ಬೆಳಗ್ಗೆ ಫೋನ್ ಬಂತು. ಅವರು ಜಗಳ ಮಾಡಲಿಲ್ಲ, ನನ್ನದೇ ಮೆಸೇಜುಗಳನ್ನು ಒಂದೊಂದಾಗಿ ಓದಿ ಹೇಳಿದರು. “ಜುಲೈ ಹತ್ತಕ್ಕೆ ನೀವು ‘ಆತ್ರಿ ಅಕ್ಕಾರ’ ಅಂದೀರಿ. ಹದಿನೆಂಟಕ್ಕೆ ‘ಇನ್ನೇನು ಮುಗೀತು’ ಅಂದೀರಿ. ಇಪ್ಪತ್ತೆರಡಕ್ಕೆ ‘ಈ ವಾರದೊಳಗೆ ಕಳಿಸಿಬಿಡ್ತೀವ್ರಿ’ ಅಂದೀರಿ.” ಗ್ಯಾರಂಟಿ ಅನ್ನುವ ಪದ ನಾನು ಎಲ್ಲೂ ಬಳಸಿರಲಿಲ್ಲ. ಆದರೂ ಕೇಳುತ್ತಾ ಕೇಳುತ್ತಾ ಗೊತ್ತಾಯಿತು, ಮೂರು ಸಲ ಮಾತು ಕೊಟ್ಟಿದ್ದೆ, ಮೂರೂ ಸಲ ನನಗೆ ಅದು ಮಾತು ಅನಿಸಿರಲೇ ಇಲ್ಲ.

ಆವತ್ತಿನಿಂದ ಕಳಿಸುವ ಮೊದಲು ಮೆಸೇಜನ್ನು ಒಂದು ಕ್ರಮದಲ್ಲಿ ಓದುತ್ತೇನೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ. ನಿಮ್ಮದು ಸೀರೆ ಅಲ್ಲದೆ ಬಡಗಿ ಕೆಲಸ, ಲಗ್ನಪತ್ರಿಕೆ ಪ್ರಿಂಟಿಂಗ್, ಹೋಳಿಗೆ ಆರ್ಡರ್ ಆಗಿದ್ದರೂ ಪದಗಳು ಹೆಚ್ಚುಕಡಿಮೆ ಇವೇ ಇರುತ್ತವೆ.

ಮೊದಲು ಒಂದು ಮೆಸೇಜ್ ಮುಂದಿಟ್ಟುಕೊಳ್ಳಿ

ಇದು ನಾನು ಬರೆದು, ಕಳಿಸದೆ ಹಿಡಿದುಕೊಂಡ ಮೆಸೇಜ್. ತಿಂಗಳ 8ನೇ ತಾರೀಖು, ಸೋಮವಾರ. ಬೆಂಗಳೂರಿನ ಒಬ್ಬರಿಗೆ 28ರ ಭಾನುವಾರ ಮಗಳ ಸೀಮಂತ ಇತ್ತು.

> ನಮಸ್ಕಾರ ರೀ ಅಕ್ಕಾರ. ನಿಮ್ಮ ಸೀರೆ ಮಗ್ಗದ ಮೇಲೆ ಐತಿ, ಇನ್ನೇನು ಮುಗೀತು ಅಂತ ತಿಳ್ಕೊಳ್ರಿ. ಈ ವಾರ ಕಸೂತಿಗೆ ಕೊಟ್ಟು 20ರೊಳಗೆ ಕಳಿಸಿಬಿಡ್ತೀವಿ, ಎರಡು ದಿನಕ್ಕೆ ನಿಮ್ಮ ಕೈ ಸೇರತೈತಿ. ಬಣ್ಣದ ಚಿಂತೀನ ಬ್ಯಾಡ, ಥೇಟ್ ಫೋಟೋದಾಗ ಇದ್ದಂಗ ಬರತೈತಿ. ಸೀಮಂತಕ್ಕ ಇದನ್ನ ಉಡಸ್ತೀರಿ.

ಓದಲು ಚೆನ್ನಾಗಿದೆ, ಅಲ್ವಾ? ಪ್ರೀತಿಯಿಂದ ಬರೆದದ್ದೇ. ಈಗ ಇದರಲ್ಲಿ ಮುಂದೆ ಆಗಬೇಕಾದ ಕೆಲಸ ಹೇಳುವ ಒಂದೊಂದು ಕ್ರಿಯಾಪದಕ್ಕೂ ಗೆರೆ ಎಳೆಯಿರಿ: ಮುಗೀತು, ಕೊಟ್ಟು, ಕಳಿಸಿಬಿಡ್ತೀವಿ, ಸೇರತೈತಿ, ಬರತೈತಿ, ಉಡಸ್ತೀರಿ. ಆರು ಬಂದವು. ‘ಚಿಂತೀನ ಬ್ಯಾಡ’ ಅನ್ನುವುದನ್ನೂ ಸೇರಿಸಿಕೊಂಡರೆ ಏಳು. ಫೋನಿನಲ್ಲಿ ಗೆರೆ ಎಳೆಯಲು ಆಗದಿದ್ದರೆ ಒಂದು ಚೀಟಿಯ ಮೇಲೆ ಬರೆದುಕೊಳ್ಳಿ. ನಾನು ಈಗಲೂ ಚೀಟಿಯನ್ನೇ ಬಳಸುತ್ತೇನೆ.

ಎರಡನೆಯದು: ಈ ಕೆಲಸ ಯಾರ ಕೈಯಲ್ಲಿದೆ ಎಂದು ಕೇಳಿ

ಚೀಟಿಯಲ್ಲಿ ಪ್ರತಿ ಪದದ ಎದುರು ಒಂದು ಹೆಸರು ಬರೆಯಿರಿ. ‘ಮುಗೀತು’ ನೇಕಾರರ ಕೈಯಲ್ಲಿದೆ. ‘ಕೊಟ್ಟು’ ನನ್ನ ಕೈಯಲ್ಲಿದೆ, ಆದರೆ ಇಳಕಲ್‌ನಿಂದ ಸೀರೆ ಬಂದ ಮೇಲೆ. ‘ಕಳಿಸಿಬಿಡ್ತೀವಿ’ ನನ್ನದೇ ಅನಿಸುತ್ತದೆ, ಆದರೆ ಅದಕ್ಕೂ ಮುಂಚೆ ಕಸೂತಿಯವರು ಮುಗಿಸಬೇಕು. ‘ಸೇರತೈತಿ’ ಅಂಚೆಯವರ ಕೈಯಲ್ಲಿದೆ. ‘ಬರತೈತಿ’ ಬಣ್ಣ ಹಾಕುವವರ ಕೈಯಲ್ಲಿ, ಜೊತೆಗೆ ಕೊಳ್ಳುವವರ ಫೋನಿನ ಪರದೆಯ ಮೇಲೆ. ‘ಉಡಸ್ತೀರಿ’ ಅಂತೂ ಎಲ್ಲರ ಕೈಯಲ್ಲಿ. ಏಳರಲ್ಲಿ ಒಂದೂ ಪೂರ್ತಿ ನನ್ನದಲ್ಲ.

‘ಕಳಿಸುವುದು’ ಮತ್ತು ‘ತಲುಪುವುದು’ ಎರಡೂ ಒಂದೇ ಎಂದು ಬರೆಯುವವರಿಗೆ ಅನಿಸುವುದಿಲ್ಲ, ಓದುವವರಿಗೆ ಮಾತ್ರ ಅನಿಸುತ್ತದೆ. “20ಕ್ಕೆ ಕಳಿಸ್ತೀವಿ” ಅಂದರೆ ಅವರು ಕ್ಯಾಲೆಂಡರಿನಲ್ಲಿ 20ರ ಮೇಲೆ ಗುರುತು ಹಾಕಿ, 21ರ ಬೆಳಗ್ಗೆ “ಬಂದಿಲ್ಲ” ಅಂತ ಮೆಸೇಜ್ ಮಾಡುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ. ಅದಕ್ಕೇ ನಾನು ‘ಕಳಿಸ್ತೀವಿ’ ಅನ್ನುವ ಪದವನ್ನೇ ಬಿಟ್ಟಿದ್ದೇನೆ. “ಇಂಥ ದಿನ ಧಾರವಾಡದ ಪೋಸ್ಟ್ ಆಫೀಸಿನಲ್ಲಿ ಸ್ಪೀಡ್ ಪೋಸ್ಟ್ ಮಾಡ್ತೀನಿ, ರಸೀದಿ ಫೋಟೋ ಅವತ್ತೇ ಹಾಕ್ತೀನಿ” ಅಂತ ಬರೆಯುತ್ತೇನೆ. ಊರಿನ ಹೆಸರು ಬಂದಾಗ ಪಾರ್ಸಲ್ ಇನ್ನೂ ಪ್ರಯಾಣ ಮಾಡಬೇಕು ಅನ್ನುವುದು ಓದುವವರ ಕಣ್ಣಿಗೆ ಬೀಳುತ್ತದೆ.

ಮೂರನೆಯದು: ಕನ್ನಡದ ಸಣ್ಣ ತುಂಡುಗಳನ್ನು ಹಿಡಿಯಿರಿ

ಇದರಲ್ಲಿ ಸ್ವಲ್ಪ ನಿಧಾನ ಮಾಡಬೇಕು. ‘ಗ್ಯಾರಂಟಿ’, ‘ಪಕ್ಕಾ’, ‘ಖಂಡಿತ’ ಇಂಥ ಪದ ಬರೆಯುವಾಗ ಯಾರಿಗಾದರೂ ಕೈ ಒಂದು ಕ್ಷಣ ತಡೆಯುತ್ತದೆ. ನಾವು ಸಿಕ್ಕಿಬೀಳುವುದು ಮಾತಿನ ಬಾಲಕ್ಕೆ ಅಂಟಿಕೊಂಡು ಬರುವ ತುಂಡುಗಳಲ್ಲಿ.

‘ಒಳಗೆ’ ಅನ್ನುವುದನ್ನು ತಗೊಳ್ಳಿ. ‘20ರೊಳಗೆ’ ಅಂದರೆ ಗಡಿ ಹಾಕಿದ ಹಾಗೆ. 20 ಸೇರಿತೋ ಇಲ್ಲವೋ ಅನ್ನುವುದನ್ನೂ ಅದು ಹೇಳುವುದಿಲ್ಲ. ನನ್ನ ಲೆಕ್ಕದಲ್ಲಿ 20ರ ರಾತ್ರಿಯವರೆಗೆ ಸಮಯ ಇದೆ, ಅವರ ಲೆಕ್ಕದಲ್ಲಿ 19ಕ್ಕೇ ಮುಗಿಯಬೇಕು. ‘20ರ ಸುಮಾರಿಗೆ’ ಅಂದರೆ ಎರಡು ದಿನ ಆಚೀಚೆ ಎಂದು ಇಬ್ಬರಿಗೂ ಗೊತ್ತಾಗುತ್ತದೆ. ‘ಹಬ್ಬದ ಹೊತ್ತಿಗೆ’ ಮೆತ್ತಗೆ ಕೇಳಿಸುತ್ತದೆ, ಆದರೆ ಓದುವವರಿಗೆ ಅದು ‘ಹಬ್ಬಕ್ಕೆ ಮುಂಚೆ’ ಎಂದೇ ಅರ್ಥ. ಹಬ್ಬದ ಮರುದಿನ ಬಂದ ಸೀರೆ ಯಾರಿಗೆ ಬೇಕು.

ಆಮೇಲೆ ‘ಬಿಡು’. ಕಳಿಸ್ತೀವಿ ಅಂದರೆ ಒಂದು ಮಾತು, ಕಳಿಸಿಬಿಡ್ತೀವಿ ಅಂದರೆ ಆ ಮಾತಿಗೆ ಗಂಟು ಹಾಕಿದ ಹಾಗೆ. ಮಾಡಿಬಿಡ್ತೀನಿ, ಕೊಟ್ಟುಬಿಡ್ತಾರೆ, ಮುಗಿಸಿಬಿಡೋಣ. ಮಾತಾಡುವಾಗ ಇದು ಹುಮ್ಮಸ್ಸಿನಲ್ಲಿ ತಾನಾಗಿ ಬರುತ್ತದೆ. ಬರಹದಲ್ಲಿ ಅದರ ಹುಮ್ಮಸ್ಸು ಹೋಗಿ ‘ತಪ್ಪದೇ’ ಅನ್ನುವ ಅರ್ಥ ಮಾತ್ರ ಉಳಿಯುತ್ತದೆ. ಇದನ್ನು ತೆಗೆದು ಓದಿ ನೋಡಿ, ವಾಕ್ಯ ಕೆಡುವುದಿಲ್ಲ.

‘-ಏ’ ಕೂಡ ಹಾಗೆಯೇ. ಇವತ್ತೇ, ನಾಳೆಯೇ, ಅದೇ ಬಣ್ಣ, ಫೋಟೋದಲ್ಲಿರುವ ಹಾಗೇ. ಇದು ಒಂದೇ ಅಕ್ಷರದ್ದಾದ್ದರಿಂದ ಮತ್ತೆ ಓದಿದರೂ ತಪ್ಪಿಸಿಕೊಳ್ಳುತ್ತದೆ. ನನಗೆ ಉಪಯೋಗಕ್ಕೆ ಬಂದ ದಾರಿ ಒಂದೇ, ಮೆಸೇಜನ್ನು ಬಾಯಿ ಬಿಟ್ಟು ಓದುವುದು. ‘ಏ’ ಬಂದಲ್ಲಿ ದನಿ ತಾನಾಗಿ ಏರುತ್ತದೆ. ಏರಿದ ಜಾಗದಲ್ಲಿ ನಿಂತು, ಇಷ್ಟು ಒತ್ತಿ ಹೇಳುವಷ್ಟು ನನಗೆ ಗೊತ್ತಿದೆಯಾ ಅಂತ ಕೇಳಿಕೊಳ್ಳುತ್ತೇನೆ.

ಇನ್ನೊಂದು, ಬಹಳ ಜನ ಗಮನಿಸದ್ದು: ಮುಂದೆ ಆಗಬೇಕಾದ್ದನ್ನು ಆಗಿಹೋದಂತೆ ಹೇಳುವುದು. ಅಡುಗೆಮನೆಯಿಂದ “ಬಂದೆ ಬಂದೆ” ಅಂತ ಕೂಗುತ್ತೇವಲ್ಲ, ಆಗ ಇನ್ನೂ ಎದ್ದೇ ಇರುವುದಿಲ್ಲ. ಹಾಗೆಯೇ ‘ಇನ್ನೇನು ಮುಗೀತು’, ‘ಕೈಗೆ ಬಂತು ಅಂತ ತಿಳ್ಕೊಳ್ಳಿ’, ‘ಆದಂಗೇ’. ಎದುರಿಗಿದ್ದವರಿಗೆ ಇದು ಸಮಾಧಾನದ ಮಾತು ಎಂದು ಮುಖ ನೋಡಿದರೆ ಗೊತ್ತಾಗುತ್ತದೆ. ಬರಹದಲ್ಲಿ ‘ಮುಗೀತು’ ಅಂದರೆ ಮುಗಿಯಿತು. ಎಷ್ಟು ಆಗಿದೆ ಎಂದು ಹೇಳಬೇಕಿದ್ದರೆ ಅಳತೆ ಹೇಳಿ: “ಮೈ ಅರ್ಧ ನೇಯ್ದಾಗಿದೆ, ಸೆರಗು ಇನ್ನೂ ಶುರು ಮಾಡಿಲ್ಲ.” ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ, ಎರಡೂ ಬೇರೆ ಬೇರೆ ಕೆಲಸ. ಮೈ ಮುಗಿದ ಮಾತ್ರಕ್ಕೆ ಸೀರೆ ಮುಗಿಯಿತು ಅನ್ನುವಂತಿಲ್ಲ. ನಿಮ್ಮ ಕೆಲಸದಲ್ಲೂ ಇಂಥ ಒಂದು ಕೊಂಡಿ ಇರುತ್ತದೆ, ಅದು ಎಲ್ಲಿದೆ ಎಂದು ನೋಡಿಕೊಳ್ಳಿ.

ಕೊನೆಗೆ ಜೋಡಿ ಸಂಖ್ಯೆ. ‘ಎರಡು ಮೂರು ದಿನ’ ಅಂದರೆ ಹೇಳುವವರ ಮನಸ್ಸಿನಲ್ಲಿ ಮೂರು ನಾಲ್ಕು, ಕೇಳುವವರ ಮನಸ್ಸಿನಲ್ಲಿ ಎರಡು. ‘ಇವತ್ತು ನಾಳೆಯಲ್ಲಿ’ ಅಂದರೆ ಅವರಿಗೆ ಇವತ್ತು. ದೊಡ್ಡ ಸಂಖ್ಯೆಯನ್ನು ಮಾತ್ರ ಬರೆಯಿರಿ, ಬೇಗ ಬಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ‘ಮುಂದಿನ ಸೋಮವಾರ’ ಅಂತಲೂ ಬರೆಯಬೇಡಿ. ಗುರುವಾರ ಬರೆದರೆ ಅದು ನಾಲ್ಕು ದಿನದ ಆಚೆಗಿನ ಸೋಮವಾರವೋ, ಅದರಾಚೆಯದೋ ಎಂದು ಒಂದೇ ಮನೆಯಲ್ಲಿ ಇಬ್ಬರು ಎರಡು ಥರ ತಿಳಿಯುತ್ತಾರೆ. ವಾರ, ತಾರೀಖು ಎರಡನ್ನೂ ಬರೆಯಿರಿ: ಸೋಮವಾರ 15.

ನಾಲ್ಕನೆಯದು: ಅವರ ಮೆಸೇಜನ್ನೂ ಓದಿ, ನಿಮ್ಮ ‘ಆಯ್ತು’ ಯಾವುದಕ್ಕೆ ಅಂಟಿದೆ ನೋಡಿ

ಪಂಚಮಿಯ ಸೀರೆಯಲ್ಲಿ ನಾನು ಬಿದ್ದದ್ದು ಇಲ್ಲಿಯೇ. ಅವರು ಬರೆದಿದ್ದರು: “ಬಣ್ಣ ಇದೇ ಇರಲಿ, ಅಂಚು ಚಿಕ್ಕಿ ಪರಾಸ, ಪಂಚಮಿಗೆ ಮೊದಲು ಬೇಕು, ಮುಂಗಡ ಹಾಕಿದ್ದೇನೆ.” ನಾನು ನೋಡಿದ್ದು ಮುಂಗಡದ ಸಾಲು. ಅದಕ್ಕೆ ‘ಆತ್ರಿ ಅಕ್ಕಾರ’ ಅಂದೆ. ಓದುವವರ ಪಾಲಿಗೆ ನನ್ನ ‘ಆತ್ರಿ’ ನಾಲ್ಕಕ್ಕೂ ಹೌದು ಅಂದ ಹಾಗೆ.

ನಮ್ಮ ಕಡೆ ‘ಹೂಂನ್ರಿ’ ಅನ್ನುವುದು ಎಷ್ಟೋ ಸಲ ‘ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ’ ಅನ್ನುವುದಕ್ಕೆ. ಫೋನಿನಲ್ಲಿ ಅದು ನಡೆಯುತ್ತದೆ. ಮೆಸೇಜಿನಲ್ಲಿ ಅದು ಒಪ್ಪಿಗೆ. ಹೆಬ್ಬೆರಳಿನ ಗುರುತೂ ಒಪ್ಪಿಗೆ, ಕೈಮುಗಿದ ಗುರುತೂ ಒಪ್ಪಿಗೆಯೇ. ತಾರೀಖು ಇರುವ ಮೆಸೇಜಿಗೆ ಏನೂ ಉತ್ತರ ಕೊಡದೆ ಕೆಲಸ ಶುರು ಮಾಡಿದರೂ, ಒಪ್ಪಿಕೊಂಡಿದ್ದಾರೆ ಎಂದೇ ಅವರು ತಿಳಿಯುತ್ತಾರೆ.

ಹಾಗಾಗಿ ನನ್ನ ನಿಯಮ ಹೀಗಿದೆ. ಬಂದ ಮೆಸೇಜಿನಲ್ಲಿ ತಾರೀಖು, ಹಬ್ಬ, ಮದುವೆ, ‘ಬೇಗ’, ಇವುಗಳಲ್ಲಿ ಯಾವುದಾದರೂ ಇದ್ದರೆ ಅದೇ ಸಾಲನ್ನು ಒತ್ತಿ ಹಿಡಿದು, ಅದಕ್ಕೇ ಉತ್ತರ ಬರೆಯುತ್ತೇನೆ. “ಮುಂಗಡ ಬಂದಿದೆ ರೀ. ಪಂಚಮಿಗೆ ಆಗುತ್ತದೋ ಇಲ್ಲವೋ ನೇಕಾರರನ್ನು ಕೇಳಿ ನಾಳೆ ಸಂಜೆ 6ರ ಹೊತ್ತಿಗೆ ಹೇಳ್ತೀನಿ. ಅಲ್ಲಿವರೆಗೆ ಪಂಚಮಿಗೆ ಒಪ್ಪಿಕೊಂಡಿಲ್ಲ.” ಕೊನೆಯ ಸಾಲು ಬರೆಯಲು ಮೊದಮೊದಲು ಮುಜುಗರ ಆಗುತ್ತಿತ್ತು. ಆದರೆ ಅದನ್ನು ಓದಿ ಇವತ್ತಿನವರೆಗೆ ಯಾರೂ ಮುನಿಸಿಕೊಂಡಿಲ್ಲ, “ಸರಿ, ಕೇಳಿ ಹೇಳಿ” ಅಂದಿದ್ದಾರೆ ಅಷ್ಟೆ.

ಕಾನೂನಿನ ಕಡೆಯಿಂದ ಒಂದೆರಡು ವಿಷಯ ಗೊತ್ತಿದ್ದರೆ ಒಳ್ಳೆಯದು. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿ ಆದದ್ದು ಅನ್ನುವ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗುವುದಿಲ್ಲ. ಅಂದರೆ ‘ವಾಟ್ಸಾಪಿನಲ್ಲಿ ಸುಮ್ನೆ ಅಂದಿದ್ದು’ ಎಂದು ತಪ್ಪಿಸಿಕೊಳ್ಳಲು ಬರುವುದಿಲ್ಲ. 1872ರ ಒಪ್ಪಂದ ಕಾಯ್ದೆಯ 55ನೇ ಸೆಕ್ಷನ್ ಸಮಯದ ಬಗ್ಗೆಯೇ ಇದೆ. ಹೇಳಿದ ಸಮಯಕ್ಕೆ ಆಗಲೇಬೇಕು ಎಂಬುದು ಇಬ್ಬರ ಉದ್ದೇಶವೂ ಆಗಿದ್ದರೆ, ತಡವಾದಾಗ ಎದುರಿನವರು ಒಪ್ಪಂದವನ್ನೇ ಕೈಬಿಡಬಹುದು. ಈಗ ಮೇಲಿನ ಮೆಸೇಜಿನ ಕೊನೆಯ ಸಾಲು ನೋಡಿ: ‘ಸೀಮಂತಕ್ಕ ಇದನ್ನ ಉಡಸ್ತೀರಿ’. ಸಮಯ ಎಷ್ಟು ಮುಖ್ಯ ಎಂದು ನನಗೆ ಗೊತ್ತಿತ್ತು ಅನ್ನುವುದನ್ನು ನಾನೇ ಬರೆದುಕೊಟ್ಟಂತಾಯಿತು. ತಾರೀಖನ್ನೇ ಹೇಳದಿದ್ದರೆ ಪಾರಾಗಬಹುದಾ ಅಂದರೆ ಅದೂ ಇಲ್ಲ. 1930ರ ಸರಕು ಮಾರಾಟ ಕಾಯ್ದೆಯ 36ನೇ ಸೆಕ್ಷನ್, ಸಮಯ ಗೊತ್ತು ಮಾಡದಿದ್ದಾಗ ‘ಸಮಂಜಸ ಸಮಯ’ದಲ್ಲಿ ಕಳಿಸಬೇಕು ಅನ್ನುತ್ತದೆ.

ಐದನೆಯದು: ಗುಣಮಟ್ಟದ ಮಾತುಗಳು

ಇವುಗಳಲ್ಲಿ ತಾರೀಖು ಇರುವುದಿಲ್ಲ, ಆದ್ದರಿಂದ ಕಣ್ಣಿಗೆ ಬೀಳುವುದು ಕಷ್ಟ. ‘ಬಣ್ಣ ಬಿಡಲ್ಲ’, ‘ಏನೂ ಆಗಲ್ಲ’, ‘ಎಷ್ಟು ವರ್ಷ ಆದರೂ ಹೀಗೇ ಇರುತ್ತೆ’, ‘ಏನಾದರೂ ಆದರೆ ನಾವಿದ್ದೀವಿ’. ಗುರುತು ಹಿಡಿಯುವ ದಾರಿ ಸುಲಭ: ‘-ಅಲ್ಲ’, ‘-ಇಲ್ಲ’ ಅಂತ ಮುಗಿದು, ಯಾವಾಗ, ಹೇಗೆ ಬಳಸಿದರೆ ಅನ್ನುವುದು ಇಲ್ಲದಿದ್ದರೆ ಅದು ಎಲ್ಲ ಕಾಲಕ್ಕೂ ಕೊಟ್ಟ ಮಾತು. ‘ಬಣ್ಣ ಬಿಡಲ್ಲ’ ಅಂದರೆ ಬಿಸಿನೀರಿಗೆ ಹಾಕಿದರೂ, ಮಷಿನ್ನಿಗೆ ಹಾಕಿದರೂ, ಬಿಸಿಲಿನಲ್ಲಿ ಒಣಗಿಸಿದರೂ ಬಿಡಲ್ಲ ಅಂದ ಹಾಗಾಯಿತು.

ಇದರ ಬದಲು ನೀವು ಏನು ಮಾಡಿ ನೋಡಿದಿರಿ ಅನ್ನುವುದನ್ನು ಬರೆಯಿರಿ. ಇಳಕಲ್ ಸೆರಗಿನ ಕೆಂಪು ಪಕ್ಕದ ಬಿಳಿಗೆ ಹತ್ತುತ್ತದೆಯಾ ಎಂಬ ಭಯ ಎಲ್ಲರಿಗೂ ಇರುತ್ತದೆ. ನಾನು ಒದ್ದೆ ಮಾಡಿದ ಬಿಳಿ ಹತ್ತಿ ಬಟ್ಟೆಯನ್ನು ಕೆಂಪು ಭಾಗದ ಮೇಲಿಟ್ಟು ಸ್ವಲ್ಪ ಹೊತ್ತು ಒತ್ತಿ ಹಿಡಿದು, ಆಮೇಲೆ ಮೆತ್ತಗೆ ಉಜ್ಜಿ ನೋಡುತ್ತೇನೆ. ಬರೆಯುವುದು ಹೀಗೆ: “ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆ, ಬಣ್ಣ ಹತ್ತಲಿಲ್ಲ. ಆದರೂ ಮೊದಲ ಎರಡು ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೀರಿ, ನೆರಳಲ್ಲಿ ಒಣಗಿಸ್ರಿ.” ಇದರಲ್ಲಿ ಸುಳ್ಳಿಲ್ಲ, ಅವರಿಗೆ ಬೇಕಾದ ಧೈರ್ಯವೂ ಸಿಗುತ್ತದೆ.

‘ಫೋಟೋದಲ್ಲಿ ಇದ್ದ ಹಾಗೇ’ ಅನ್ನುವುದನ್ನು ಪೂರ್ತಿ ಬಿಟ್ಟುಬಿಡಿ. ಒಂದು ಸಲ ಬಣ್ಣ ಹಾಕಿದ ನೂಲಿಗೂ ಇನ್ನೊಂದು ಸಲದ್ದಕ್ಕೂ ಸ್ವಲ್ಪ ವ್ಯತ್ಯಾಸ ಬರುತ್ತದೆ, ಒಂದೊಂದು ಫೋನಿನಲ್ಲಿ ಒಂದೊಂದು ಥರ ಕಾಣುತ್ತದೆ. ಮಗ್ಗಕ್ಕೆ ಏರುವ ನೂಲಿನ ಲಡಿಯನ್ನೇ ಹಗಲು ಬೆಳಕಿನಲ್ಲಿ ಫೋಟೋ ತೆಗೆದು, “ಇದೇ ನೂಲು, ಸ್ವಲ್ಪ ಹೆಚ್ಚುಕಡಿಮೆ ಕಾಣಬಹುದು, ಒಪ್ಪಿಗೆಯಾ?” ಅಂತ ಕೇಳಿ. ಇಲ್ಲಿ ಮಾತು ಅವರಿಂದ ಬರಬೇಕು.

ಈಗ ಆ ಮೆಸೇಜನ್ನು ಲೆಕ್ಕ ಹಾಕಿ ನೋಡೋಣ

ಪದ ಹಿಡಿದರೆ ಅರ್ಧ ಕೆಲಸ ಆಯಿತು. ಇನ್ನರ್ಧ, ಅದರ ಹಿಂದೆ ಲೆಕ್ಕ ಇದೆಯಾ ಎಂದು ನೋಡುವುದು. 8ರಂದು ನಾನು ಮೆಸೇಜ್ ಕಳಿಸದೆ ಮೂರು ಫೋನ್ ಮಾಡಿದೆ.

ನೇಕಾರರು ಸೀರೆ ಶುಕ್ರವಾರ 12ಕ್ಕೆ ಮಗ್ಗದಿಂದ ಇಳಿಯುತ್ತದೆ ಅಂದರು. ಬಸ್ಸಿನಲ್ಲಿ ಹಾಕಿದರೆ ಶನಿವಾರ 13ಕ್ಕೆ ನನ್ನ ಕೈಗೆ. ಕೊಳ್ಳುವವರು ಕೇಳಿದ್ದು ಸೆರಗು ಮತ್ತು ಮೈ ಎರಡಕ್ಕೂ ಕಸೂತಿ, ಗೋಪುರ ಮತ್ತು ತೇರು. ಕಸೂತಿಗೆ ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು, ಓಡಿಸಲು ಬರುವುದಿಲ್ಲ. ಎರಡನೆಯ ಫೋನಿನಲ್ಲಿ ಕಸೂತಿಯವರು, ಇಬ್ಬರು ಕೂತರೂ ಒಂಬತ್ತು ಕೆಲಸದ ದಿನ ಬೇಕು ಅಂದರು. ಸೋಮವಾರ 15ಕ್ಕೆ ಶುರು, ಭಾನುವಾರ 21 ರಜೆ, ಮುಗಿಯುವುದು ಬುಧವಾರ 24. ಇಸ್ತ್ರಿ ಮಾಡಿ ಗುರುವಾರ 25ಕ್ಕೆ ಅಂಚೆಗೆ ಹಾಕಿದರೆ, ನನ್ನ ಅನುಭವದಲ್ಲಿ ಬೆಂಗಳೂರಿಗೆ ಎರಡು ಮೂರು ದಿನ. ಅಂದರೆ 27 ಅಥವಾ ಸೀಮಂತದ ದಿನವೇ. ನಾನು ಬರೆದ ‘20ರೊಳಗೆ’ ಎಲ್ಲಿಂದ ಬಂದಿತ್ತು? ಎಲ್ಲಿಂದಲೂ ಅಲ್ಲ. ಬಾಯಿಗೆ ಸುಲಭವಾದ ಸಂಖ್ಯೆ ಅಷ್ಟೆ.

ಮೂರನೆಯ ಫೋನ್ ಸೀರೆ ಕೊಳ್ಳುವವರಿಗೇ. ಇದನ್ನು ಬಹಳ ಜನ ಮಾಡುವುದಿಲ್ಲ. ಅವರು ಹೇಳುವ ತಾರೀಖಿನ ಹಿಂದೆ ಇನ್ನೊಂದು ತಾರೀಖು ಇರುತ್ತದೆ. ಸೀಮಂತ 28ಕ್ಕೆ ನಿಜ, ಆದರೆ ಅದಕ್ಕೂ ಮುಂಚೆ ಫಾಲ್ ಹಚ್ಚಬೇಕು, ಕುಚ್ಚು ಹಾಕಿಸಬೇಕು, ರವಿಕೆ ಹೊಲಿಸಬೇಕು. “ಟೈಲರ್ ಎಷ್ಟು ದಿನ ಕೇಳ್ತಾರ ರೀ?” ಅಂದೆ. ರವಿಕೆಗೆ ಒಂದು ವಾರ, ಫಾಲ್ ಕುಚ್ಚಿಗೆ ಮೂರು ದಿನ ಅಂದರು. ಅಂದರೆ ಸೀರೆ 24ಕ್ಕಾದರೂ ಅವರ ಕೈಯಲ್ಲಿರಬೇಕು, ರವಿಕೆ ಬಟ್ಟೆ ಅದಕ್ಕೂ ಮುಂಚೆ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣ ಹೊಂದುತ್ತದೆ, ಅದು ನನ್ನ ಹತ್ತಿರ ಇತ್ತು.

ಇಷ್ಟು ಗೊತ್ತಾದ ಮೇಲೆ ಬರೆದ ಮೆಸೇಜ್ ಇದು:

> ನಮಸ್ಕಾರ ರೀ ಅಕ್ಕಾರ. ಸೀರೆ ಇನ್ನೂ ಮಗ್ಗದ ಮೇಲೆ ಐತಿ. ಶುಕ್ರವಾರ 12ಕ್ಕೆ ಇಳೀಬಹುದು ಅಂತ ನೇಕಾರರು ಅಂದಾರ.
>
> ಸೆರಗು, ಮೈ ಎರಡಕ್ಕೂ ಕಸೂತಿ ಹಾಕಿದ್ರ 28ರ ಸೀಮಂತಕ್ಕ ಆಗೂದಿಲ್ಲ. ಸೆರಗಿಗೆ ಮಾತ್ರ ಅಂದ್ರ ನಾಕು ದಿನದ ಕೆಲಸ. ಸೀರೆ 13ಕ್ಕ ನನ್ನ ಕೈಗೆ ಬಂದ್ರ, ಶುಕ್ರವಾರ 19ಕ್ಕ ಧಾರವಾಡದಾಗ ಸ್ಪೀಡ್ ಪೋಸ್ಟ್ ಮಾಡ್ತೀನಿ, ರಸೀದಿ ಫೋಟೋ ಅವತ್ತ ಹಾಕ್ತೀನಿ. ಬೆಂಗಳೂರಿಗೆ ಸಾಮಾನ್ಯ ಮೂರು ದಿನ, ಅದು ಅಂಚೆಯವರ ಕೈಯಾಗ ಐತಿ.
>
> ರವಿಕೆ ಖಣ ನಾಳೆ 9ಕ್ಕ ಬ್ಯಾರೆ ಪಾರ್ಸಲ್ ಮಾಡ್ತೀನಿ, ಟೈಲರ್‌ಗೆ ಕೊಡ್ರಿ.
>
> 13ರ ಸಂಜೆ ನಾನ ಫೋನ್ ಮಾಡ್ತೀನಿ. ಅವತ್ತಿಗೂ ಸೀರೆ ಬಂದಿರಲಿಲ್ಲ ಅಂದ್ರ ನನ್ನ ಕಡೆ ಇರೋ ಸಿದ್ಧ ಸೀರೆ ತೋರಸ್ತೀನಿ, ಬ್ಯಾಡ ಅಂದ್ರ ಮುಂಗಡ ಪೂರಾ ವಾಪಸ್. ಸೆರಗಿಗೆ ಮಾತ್ರ ಕಸೂತಿ ನಡೀತದ ಏನು, 10ರ ಸಂಜೆಗೆ ಹೇಳ್ರಿ.

ಇದರಲ್ಲೂ ನಾನು ಮಾತು ಕೊಟ್ಟಿದ್ದೇನೆ: ನಾಳೆ ಖಣ ಹಾಕುವುದು, 13ಕ್ಕೆ ಫೋನ್, ಸೀರೆ ಕೈಗೆ ಬಂದರೆ 19ಕ್ಕೆ ಪೋಸ್ಟ್, ಅದರ ರಸೀದಿ, ಬೇಡ ಅಂದರೆ ಹಣ ವಾಪಸ್. ಪೋಸ್ಟ್‌ಗೆ ಮಾತ್ರ ಕಸೂತಿಯವರನ್ನು ನಂಬಿದ್ದೇನೆ. ಸೆರಗಿಗೆ ನಾಲ್ಕು ದಿನ ಅನ್ನುವುದು ಹಿಂದಿನ ಆರ್ಡರುಗಳಿಂದ ಬರೆದಿಟ್ಟ ಲೆಕ್ಕ, ಅದರಂತೆ 18ಕ್ಕೆ ಮುಗಿಯಬೇಕು, ಒಂದು ದಿನ ಇಸ್ತ್ರಿಗೆ ಇಟ್ಟಿದ್ದೇನೆ. ಉಳಿದದ್ದೆಲ್ಲ ನನ್ನ ಕೈಯಲ್ಲೇ ಇದೆ. ಅವರು ಸೆರಗಿಗೆ ಮಾತ್ರ ಸಾಕು ಅಂದರು. 8ಕ್ಕೇ ಹೇಳಿದ್ದರಿಂದ ಅವರಿಗೆ ಆರಿಸಿಕೊಳ್ಳಲು ಆಯಿತು. 25ಕ್ಕೆ ಹೇಳಿದ್ದರೆ ಆರಿಸಲು ಏನೂ ಉಳಿಯುತ್ತಿರಲಿಲ್ಲ.

ಒಂದು ಎಚ್ಚರಿಕೆ. ಮಾತು ಕೊಡಬಾರದು ಅಂತ ಹೆದರಿ ‘ನೋಡೋಣ’, ‘ಆದಷ್ಟು ಬೇಗ’, ‘ಪ್ರಯತ್ನ ಮಾಡ್ತೀವಿ’ ಅಂತ ಮಾತ್ರ ಬರೆದರೆ ಅದೂ ಕೆಲಸಕ್ಕೆ ಬರುವುದಿಲ್ಲ. ‘ಆದಷ್ಟು ಬೇಗ’ ಅನ್ನುವುದನ್ನು ಅವರು ತಮಗೆ ಬೇಕಾದ ದಿನಕ್ಕೇ ಅನ್ವಯಿಸಿಕೊಳ್ಳುತ್ತಾರೆ. ಸೀರೆ ಯಾವಾಗ ಬರುತ್ತದೆ ಎಂದು ಹೇಳಲು ಆಗದಿದ್ದರೆ, ಯಾವಾಗ ಖಚಿತವಾಗಿ ತಿಳಿಸುತ್ತೀರಿ ಎಂದು ಹೇಳಿ. ಆ ದಿನ ಹೇಳುವುದು ನಿಮ್ಮ ಕೈಯಲ್ಲಿದೆ.

ಮಳೆಗಾಲದಲ್ಲಿ ಈ ಲೆಕ್ಕವನ್ನೂ ನಾನು ಸಡಿಲ ಮಾಡುತ್ತೇನೆ. ಗುಂಡಿಮಗ್ಗದಲ್ಲಿ ನೆಲ ತೇವವಾಗುತ್ತದೆ, ಬಣ್ಣ ಹಾಕಿದ ನೂಲು ಒಣಗಲು ಹೆಚ್ಚು ದಿನ ಬೇಕು. ಶ್ರಾವಣದಲ್ಲಿ ಹಬ್ಬಗಳ ಸಾಲು ಬೇರೆ. ಬೇಸಿಗೆಯ ಅಂದಾಜನ್ನು ಆಗ ಬರೆದರೆ ಅದೇ ಒಂದು ಸುಳ್ಳು ಮಾತಾಗುತ್ತದೆ.

ಹಳೆಯ ಮೆಸೇಜುಗಳನ್ನು ಜಾಲಾಡುವುದು

ನೀವು ಯಾವ ಪದದಲ್ಲಿ ಜಾರುತ್ತೀರಿ ಎಂದು ನಿಮಗೇ ಗೊತ್ತಿರುವುದಿಲ್ಲ. ಒಮ್ಮೆ ಹುಡುಕಿ ನೋಡಿ. ವಾಟ್ಸಾಪ್ ಚಾಟಿನ ಮೆನುವಿನಲ್ಲಿ `Export chat` ಇದೆ, ಅದರಿಂದ ಮಾತುಕತೆ ಪಠ್ಯದ ಫೈಲಾಗಿ ಸಿಗುತ್ತದೆ. ಕಂಪ್ಯೂಟರಿನಲ್ಲಿ ತೆರೆದು `Ctrl+F` ಒತ್ತಿ.

ಕನ್ನಡದಲ್ಲಿ ಹುಡುಕುವಾಗ ಒಂದು ತೊಡಕಿದೆ. ‘ಒಳಗೆ’ ಅಂತ ಹುಡುಕಿದರೆ ‘ವಾರದೊಳಗೆ’, ‘20ರೊಳಗೆ’ ಸಿಗುವುದಿಲ್ಲ, ಸಂಧಿಯಾಗಿ ‘ಒ’ ಅಕ್ಷರ ಹಿಂದಿನ ಅಕ್ಷರದ ಒತ್ವವಾಗಿ ಹೋಗಿರುತ್ತದೆ. ‘ಳಗೆ’ ಅಂತ ಹುಡುಕಿ, ಎಲ್ಲ ಸಿಗುತ್ತವೆ, ಜೊತೆಗೆ ‘ಕೆಳಗೆ’ ಕೂಡ ಬರುತ್ತದೆ, ಅದನ್ನು ದಾಟಿ ಹೋಗಿ. ಹಾಗೆಯೇ ‘ಬಿಡ್ತೀ’ ಮತ್ತು ‘ಬಿಡುತ್ತೇ’ ಎರಡನ್ನೂ, ‘ಪಕ್ಕಾ’ ಬದಲು ‘ಪಕ್ಕ’ ಅಂತ ಹುಡುಕಿ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವ ಅಭ್ಯಾಸ ಇದ್ದರೆ `olage`, `bidt`, `pakka`, `naale` ನೋಡಿ. ನನ್ನ ಚಾಟುಗಳಲ್ಲಿ ‘ಪಕ್ಕಾ’ ಎಲ್ಲೋ ಒಂದೆರಡು ಕಡೆ ಇತ್ತು, ‘ಬಿಡ್ತೀವಿ’ ಪುಟಗಟ್ಟಲೆ ಇತ್ತು.

ಬಿಲ್ಲಿನ ಕೆಳಗಿನ ಅಚ್ಚು ಸಾಲು, ಕ್ಯಾಟಲಾಗಿನ ವಿವರ, ಅಂಗಡಿ ಮುಚ್ಚಿದಾಗ ತಾನಾಗಿ ಹೋಗುವ ಉತ್ತರ, ಇವನ್ನೂ ಓದಿ. ಒಮ್ಮೆ ಬರೆದಿಟ್ಟದ್ದನ್ನು ಯಾರೂ ಮತ್ತೆ ತೆರೆದು ನೋಡುವುದಿಲ್ಲ. ನನ್ನ ತಾನಾಗಿ ಹೋಗುವ ಉತ್ತರದಲ್ಲಿ “ನಿಮ್ಮ ಆರ್ಡರ್ 10 ದಿನದಲ್ಲಿ ತಲುಪುತ್ತದೆ” ಅಂತಿತ್ತು, ಕಸೂತಿ ಕೆಲಸ ಶುರು ಮಾಡುವ ಮೊದಲು ಬರೆದದ್ದು. ಕಸೂತಿ ಸೀರೆ ಕೇಳಿದವರಿಗೂ ಅದೇ ಹೋಗುತ್ತಿತ್ತು.

ಈಗಾಗಲೇ ಕಳಿಸಿಬಿಟ್ಟಿದ್ದರೆ

ಅಳಿಸಬೇಡಿ. ‘ಈ ಮೆಸೇಜ್ ಅಳಿಸಲಾಗಿದೆ’ ಅನ್ನುವ ಸಾಲು ನೋಡಿದರೆ ಅವರಿಗೆ ಇನ್ನಷ್ಟು ಅನುಮಾನ ಬರುತ್ತದೆ, ಮೊದಲಿನದನ್ನು ಓದಿಯೂ ಆಗಿರುತ್ತದೆ. ಗೊತ್ತಾದ ದಿನವೇ ಫೋನ್ ಮಾಡಿ, ಆಮೇಲೆ ಬರೆದು ಕಳಿಸಿ. ಬರೆಯುವಾಗ ನಿಮ್ಮ ಹಳೆಯ ಸಾಲನ್ನೇ ಒತ್ತಿ ಹಿಡಿದು ಉತ್ತರಿಸಿ: “ಇಲ್ಲಿ 20ರೊಳಗೆ ಅಂದಿದ್ದೆ. ಅದು ನಾನು ಕಸೂತಿಯವರನ್ನು ಕೇಳದೆ ಹೇಳಿದ್ದು, ತಪ್ಪಾಯಿತು. ಕೇಳಿದೆ, 24ಕ್ಕೆ ಮುಗಿಯುತ್ತದೆ ಅಂದಿದ್ದಾರೆ. ನಿಮಗೆ ಅಷ್ಟರಲ್ಲಿ ನಡೆಯುತ್ತದಾ, ಇಲ್ಲ ಕೆಲಸ ಕಡಿಮೆ ಮಾಡಿಸಲಾ?” ಕಾರಣಗಳ ಪಟ್ಟಿ ಬೇಡ. ಕರೆಂಟು ಹೋಗಿತ್ತು, ನೇಕಾರರ ಮನೆಯಲ್ಲಿ ಜ್ವರ, ಇವೆಲ್ಲ ನಿಜವೇ ಇರಬಹುದು, ಆದರೆ ಅವರಿಗೆ ಆಗ ಬೇಕಾದ್ದು ಹೊಸ ತಾರೀಖು ಮತ್ತು ಅದು ಯಾರನ್ನು ಕೇಳಿ ಹೇಳಿದ್ದು ಅನ್ನುವುದು. ಅವರು ಬರೆದು ‘ಸರಿ’ ಅನ್ನುವ ತನಕ ಹಳೆಯ ತಾರೀಖೇ ನಿಂತಿದೆ ಎಂದು ತಿಳಿದು, ಕಸೂತಿಯವರಿಗೆ ಕೆಲಸ ಮುಂದುವರಿಸಲು ಹೇಳಿ.